ಸಣ್ಣವ್ವನ ಹಳೆಯ ಟಿವಿಯಲ್ಲಿ ಗೆಳತಿಯ ಕೈಗಳು

ನನಗೆ ಬಾಯಿಯ ಮಾತಿಗಿಂತ ಮೊದಲು ಕೈಯ ಮಾತು ಬಂತು ಎಂದು ನಮ್ಮವ್ವ ಹೇಳುತ್ತಿದ್ದಳು. ಅವ್ವ ಮಹಾಗಾಂವದ ಶಾಲೆಯಲ್ಲಿ ಮಾಸ್ತರಿಣಿ. ಬೆಳಿಗ್ಗೆ ಹೋಗುವಾಗ ನನ್ನನ್ನು ಕಮಲಾಪುರದ ತವರುಮನೆಯಲ್ಲಿ ತನ್ನ ತಂಗಿಯ ಕೈಗೆ ಕೊಟ್ಟು ಹೋಗುತ್ತಿದ್ದಳು. ಆ ತಂಗಿಯೇ ನನ್ನ ಸಣ್ಣವ್ವ. ಹುಟ್ಟಿದಾಗಿನಿಂದ ಆಕೆಗೆ ಕಿವಿ ಕೇಳುವುದಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ಊರಿನ ಅರ್ಧ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನಾನು ಯಂತ್ರದ ಕೆಳಗೆ ಬಟ್ಟೆಯ ತುಂಡುಗಳ ನಡುವೆ ಕೂತಿರುತ್ತಿದ್ದೆ. ಹಸಿವಾದರೆ ಅಳುತ್ತಿರಲಿಲ್ಲ, ಆಕೆಯ ಮೊಣಕಾಲು ತಟ್ಟಿ ಬೆರಳಲ್ಲಿ ಹೇಳುತ್ತಿದ್ದೆ.

ಈಗ ನಾನು ಕಲಬುರಗಿಯ ಶಹಾಬಜಾರದಲ್ಲಿ ಒಂದು ಸಣ್ಣ ಸ್ಟುಡಿಯೋದಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಮದುವೆ, ತೊಟ್ಟಿಲು, ನಿವೃತ್ತಿಯ ಸಮಾರಂಭ. ಕಮಲಾಪುರ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೂ ತಿಂಗಳುಗಟ್ಟಲೆ ಹೋಗದೆ ಇದ್ದುಬಿಟ್ಟಿದ್ದೇನೆ. ಅವ್ವ ತೀರಿಕೊಂಡ ಮೇಲಂತೂ ಇನ್ನೂ ಕಡಿಮೆ. ಮಾತಾಡದೆ ಬಿಟ್ಟ ಮಾತು ಮರೆಯುತ್ತದೆ. ಒಮ್ಮೊಮ್ಮೆ ಸಣ್ಣವ್ವನ ಎದುರು ಕೂತಾಗ ಒಂದು ಶಬ್ದಕ್ಕಾಗಿ ಕೈಗಳನ್ನು ಗಾಳಿಯಲ್ಲಿ ಹಿಡಿದು ತಡಕಾಡುತ್ತೇನೆ. ಆಕೆ ನಕ್ಕು, ಸಣ್ಣ ಮಗುವಿಗೆ ತಿದ್ದಿದಂತೆ ನನ್ನ ಬೆರಳು ತಿದ್ದುತ್ತಾಳೆ.

ಸಣ್ಣವ್ವನಿಗೆ ಒಬ್ಬಳೇ ಗೆಳತಿ. ಕಲಬುರಗಿಯ ಕಿವುಡ ಮಕ್ಕಳ ಶಾಲೆಯಲ್ಲಿ ಇಬ್ಬರೂ ಎಂಟು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು. ಶಾಲೆ ಮುಗಿದ ಮೇಲೆ ಗೆಳತಿಯನ್ನು ಸೊಲ್ಲಾಪುರಕ್ಕೆ ಮದುವೆ ಮಾಡಿ ಕೊಟ್ಟರು. ಸಣ್ಣವ್ವ ಮದುವೆಯಾಗಲಿಲ್ಲ. ಮೊದಲು ಕಾಗದ ಬರೆಯುತ್ತಿದ್ದರು. ಆದರೆ ಇಬ್ಬರಿಗೂ ಬರೆಯುವ ಕನ್ನಡ ಬೇರೆಯವರ ಅಂಗಿ ಹಾಕಿಕೊಂಡಂತೆ. ಮೊಬೈಲು ಬಂದ ಮೇಲೆ ವಿಡಿಯೋ ಕಾಲ್ ಬಂತು. ಅವರ ನಿಜವಾದ ಮಾತು ಮತ್ತೆ ಶುರುವಾದದ್ದು ಆಗ, ಇಬ್ಬರಿಗೂ ಐವತ್ತು ದಾಟಿದ ಮೇಲೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಹರಟೆಗೆ ಕೂಡುತ್ತಿದ್ದರು.

ನಂತರ ಸಕ್ಕರೆ ಕಾಯಿಲೆ ಸಣ್ಣವ್ವನ ಕಣ್ಣಿಗೆ ಇಳಿಯಿತು. ಡಾಕ್ಟರು ಸೂಜಿ ಹಾಕಿದರು, ಲೇಸರ್ ಮಾಡಿದರು. ದೃಷ್ಟಿ ನಿಂತಲ್ಲಿ ನಿಂತಿತು, ಮರಳಿ ಬರಲಿಲ್ಲ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಗೆಳತಿಯ ಬೆರಳುಗಳು ಕಾಣದಾದವು. ಅದರ ಮೇಲೆ ಕಮಲಾಪುರದ ನೆಟ್‌ವರ್ಕ್ ಬೇರೆ. ಮಾತಿನ ನಡುವೆ ಚಿತ್ರ ನಿಂತುಬಿಡುತ್ತಿತ್ತು. ಕ್ರಮೇಣ ಇಬ್ಬರೂ ಕರೆ ಮಾಡುವುದನ್ನೇ ಬಿಟ್ಟರು. ಸಣ್ಣವ್ವ ಯಾರಿಗೂ ದೂರು ಹೇಳಲಿಲ್ಲ. ಒಂದು ಭಾನುವಾರ ನಾನು ಹೋದಾಗ ಗೋಡೆಯ ಮೇಲಿನ ಟಿವಿಯತ್ತ ಕೈ ಮಾಡಿ ಹೇಳಿದಳು. ಆಕೆಯ ಕೈಯ ಮಾತನ್ನು ನಮ್ಮ ಮನೆಯ ಮಾತಿನಲ್ಲೇ ಬರೆಯುತ್ತೇನೆ, ನನಗೆ ಅದು ಹಾಗೇ ಕೇಳಿಸುತ್ತದೆ:

"ನೀ ಎಲ್ಲಾರನ್ನೂ ಟಿವಿದಾಗ ಹಾಕ್ತಿ. ಆಕೀನೂ ಹಾಕು. ಆಕೀನ ದೊಡ್ಡಾಕಿ ಮಾಡಿ ತೋರ್ಸು."

ಟಿವಿ ಹನ್ನೆರಡು ಹದಿಮೂರು ವರ್ಷ ಹಳೆಯದು. ಇಂಟರ್ನೆಟ್ ಇಲ್ಲ. ಬದಿಯಲ್ಲಿ ಪೆನ್ ಡ್ರೈವ್ ಸಿಕ್ಕಿಸುವ ಒಂದು ಕಿಂಡಿ ಇದೆ, ಅಷ್ಟೇ. ಸಣ್ಣವ್ವ ಅದನ್ನು ತನ್ನ ಹೊಲಿಗೆಯ ದುಡಿಮೆಯಲ್ಲಿ ಕೊಂಡಿದ್ದಳು. ಮನೆಯ ಯಜಮಾನನಾದ ನನ್ನ ಸೋದರಮಾವ ಹೇಳಿದ: "ಹೊಸಾದು ತರ್ತೇನಿ ಅಂದ್ರ ಕೈ ಅಡ್ಡ ಮಾಡ್ತಾಳವ್ವ. ಕೆಟ್ಟಿಲ್ಲಲ್ಲ, ಯಾಕ ಅಂತಾಳ."

ನಾನು ಸೊಲ್ಲಾಪುರಕ್ಕೆ ಫೋನು ಮಾಡಿದೆ. ಗೆಳತಿಯ ಮೊಮ್ಮಗಳು ಕಾಲೇಜಿಗೆ ಹೋಗುವ ಚುರುಕು ಹುಡುಗಿ. ಒಂದು ತಿಂಗಳು ಬಿಡುವಾದಾಗಲೆಲ್ಲ ಅಜ್ಜಿಯನ್ನು ಕೂರಿಸಿ, ಮೊಬೈಲಿನಲ್ಲಿ ಶೂಟ್ ಮಾಡಿ ಕಳಿಸಿದಳು. ಕೈಗಳು ಬೇಗ ಓಡುತ್ತವೆಂದು ಸೆಕೆಂಡಿಗೆ ಅರವತ್ತು ಫ್ರೇಮ್, ಅಂದರೆ ಅರವತ್ತು ಬಿಡಿ ಚಿತ್ರ, ಇಟ್ಟಿದ್ದಳು. ನಾನು ಸ್ಟುಡಿಯೋದ ಕೆಲಸ ಮುಗಿಸಿ ದಿನಕ್ಕೊಂದಿಷ್ಟು ಜೋಡಿಸುತ್ತಾ ಹೋದೆ. ಎಲ್ಲ ಸೇರಿ ಒಂದು ತಾಸು ಹತ್ತು ನಿಮಿಷ ಆಯಿತು. ಗೆಳತಿ ಸೊಸೆಯ ಸುದ್ದಿ ಹೇಳಿದಳು, ಹಪ್ಪಳ ಒಣಗಿಸಿದ್ದು ಹೇಳಿದಳು, ಶಾಲೆಯ ಅಡುಗೆಯವಳನ್ನು ಅಣಕಿಸಿದಳು. ನನಗೆ ಮುಕ್ಕಾಲು ಪಾಲು ಅರ್ಥವಾಯಿತು. ಉಳಿದದ್ದು ಅವರಿಬ್ಬರ ಶಾಲೆಯ ಗುಟ್ಟಿನ ಮಾತು.

ಸಿದ್ಧವಾದ ವಿಡಿಯೋವನ್ನು ಸ್ಟುಡಿಯೋದಲ್ಲಿ ದಿನಾ ಬಳಸುವ ಸೆಟ್ಟಿಂಗಿನಲ್ಲೇ ಹೊರತೆಗೆದೆ. ಎಚ್.265 ಅನ್ನುವ ಹೊಸ ಪದ್ಧತಿ. ಕಡಿಮೆ ಜಾಗದಲ್ಲಿ ಒಳ್ಳೆಯ ಚಿತ್ರ ಹಿಡಿಸುತ್ತದೆ. ಅರವತ್ನಾಲ್ಕು ಜಿಬಿಯ ಹೊಸ ಪೆನ್ ಡ್ರೈವಿಗೆ ಹಾಕಿದೆ. ಇರಲಿ ಅಂತ ನನ್ನ ಎಂಟು ಜಿಬಿಯ ಹಳೆಯದಕ್ಕೂ ಒಂದು ನಕಲು ಹಾಕಿಕೊಂಡು ಬಸ್ಸು ಹತ್ತಿದೆ.

ಸಣ್ಣವ್ವ ಆ ದಿನ ಇಳಕಲ್ ಸೀರೆ ಉಟ್ಟಿದ್ದಳು. ಟಿವಿಗೆ ಮೂರು ಮೊಳ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹೊಸ ಪೆನ್ ಡ್ರೈವ್ ಸಿಕ್ಕಿಸಿದೆ. ಟಿವಿ ಅದನ್ನು ಕಂಡೇ ಇಲ್ಲವೆಂಬಂತೆ ಸುಮ್ಮನಿತ್ತು. ತೆಗೆದು ಹಳೆಯದನ್ನು ಸಿಕ್ಕಿಸಿದೆ. ಫೈಲಿನ ಹೆಸರು ಬಂತು. ಗುಂಡಿ ಒತ್ತಿದೆ.

ಪರದೆ ಕಪ್ಪಾಗಿಯೇ ಉಳಿಯಿತು. ಆದರೆ ಶಬ್ದ ಬಂತು. ಸೊಲ್ಲಾಪುರದ ಆ ಮನೆಯಲ್ಲಿ ಕುಕ್ಕರ್ ಕೂಗಿದ್ದು, ಓಣಿಯಲ್ಲಿ ರಿಕ್ಷಾ ಹೋದದ್ದು, ಮೊಮ್ಮಗಳು ಕೆಮ್ಮಿದ್ದು, ಬಳೆಗಳು ತಾಕಿದ್ದು. ಬಳೆಗಳ ಸದ್ದಿನಲ್ಲೇ ಗೆಳತಿ ಏನೋ ಜೋರಾಗಿ ಹೇಳುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಕಿವಿಯಿದ್ದ ನನಗೆ ಎಲ್ಲ ಕೇಳುತ್ತಿತ್ತು. ಯಾರಿಗಾಗಿ ತಂದಿದ್ದೆನೋ ಆಕೆ ಕಪ್ಪು ಗಾಜನ್ನು ನೋಡುತ್ತಾ ಕೂತಿದ್ದಳು.

"ಬಂದಾಳೇನು?" ಎಂದು ಕೇಳಿದಳು.

"ಇಲ್ಲ. ಇನ್ನಾ ಬಂದಿಲ್ಲ."

ಮರುದಿನ ಸ್ಟುಡಿಯೋದಲ್ಲಿ ಚಾಚಾನಿಗೆ ಹೇಳಿದೆ. ಚಾಚಾ ನಮ್ಮ ಹಿರಿಯ ಎಡಿಟರ್. ವಿಡಿಯೋ ಕ್ಯಾಸೆಟ್ಟಿನ ಕಾಲದಿಂದ ಈ ಕೆಲಸದಲ್ಲಿದ್ದವನು. ಕನ್ನಡಕ ಹಣೆಗೇರಿಸಿ ನಕ್ಕ.

"ಅರೆ ಬೇಟಿ, ಆ ಟಿವಿ ಹುಟ್ಟಿದಾಗ ಎಚ್.265 ಎಲ್ಲಿ ಇತ್ತು? ಅದಕ್ಕ ಹಿಂದಿಂದು ಎಚ್.264 ಕೊಡು. ಎಂಪಿ4 ಫೈಲು ಮಾಡು. ಹಳೇ ಟಿವಿ ಓದಬೇಕಂದ್ರ ಪೆನ್ ಡ್ರೈವಿಗಿ ಫ್ಯಾಟ್32 ಅಂತ ಫಾರ್ಮ್ಯಾಟ್ ಇರಬೇಕು. ನಿಂದು ಹೊಸಾದು ಎಕ್ಸ್‌ಫ್ಯಾಟ್ ಅದ, ಅದಕ್ಕೇ ಟಿವಿ ಅದರ ಮಾರಿ ನೋಡ್ಲಿಲ್ಲ. ಹಳೇದು ಫ್ಯಾಟ್32 ಇತ್ತು, ಅದಕ್ಕ ಓದ್ತು. ತಿಳೀತಾ?"

ತಿಳಿಯಿತು. ಅವನು ಹೇಳಿದಂತೆ ಎಚ್.264ರಲ್ಲಿ ತೆಗೆದೆ. ಚಿತ್ರ ಚೆನ್ನಾಗಿರಲಿ ಎಂದು ಬಿಟ್ ರೇಟ್, ಅಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೆ ಕೊಡುವ ಮಾಹಿತಿಯ ಪ್ರಮಾಣ, ಹನ್ನೆರಡು ಮೆಗಾಬಿಟ್ ಇಟ್ಟೆ. ಫೈಲು ಆರು ಜಿಬಿ ಮೀರಿತು. ಪೆನ್ ಡ್ರೈವಿನಲ್ಲಿ ಜಾಗವಿದ್ದರೂ, ಫೈಲು ದೊಡ್ಡದಾಯಿತು ಎಂದು ಕಂಪ್ಯೂಟರ್ ತಿರಸ್ಕರಿಸಿತು. ಫ್ಯಾಟ್32ರಲ್ಲಿ ಒಂದು ಫೈಲು ನಾಲ್ಕು ಜಿಬಿ ದಾಟುವಂತಿಲ್ಲ. ಚಾಚಾ ಅವತ್ತು ರಜೆ. ನಾನು ಅವಸರದಲ್ಲಿ ಬಿಟ್ ರೇಟನ್ನು ಮೂರಕ್ಕೆ ಇಳಿಸಿದೆ. ಮದುವೆಯ ಕೆಲಸದ ರೂಢಿಯಂತೆ ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್ ಇದ್ದದ್ದು ಹಾಗೇ ಇತ್ತು. ಈ ಸಲ ಫೈಲು ಹಿಡಿಯಿತು.

ಮುಂದಿನ ಭಾನುವಾರ ಟಿವಿಯಲ್ಲಿ ಗೆಳತಿ ಬಂದಳು. ದೊಡ್ಡ ಪರದೆಯ ತುಂಬ, ಹಸಿರು ಸೀರೆಯಲ್ಲಿ. ಸಣ್ಣವ್ವ ಎರಡೂ ಕೈ ಎತ್ತಿ, ಕಿವಿ ಕೇಳದವರು ಚಪ್ಪಾಳೆ ಹೊಡೆಯುವಂತೆ, ಗಾಳಿಯಲ್ಲಿ ಅಲ್ಲಾಡಿಸಿದಳು. ಮಾವ, ಅತ್ತೆ ಬಂದು ನಿಂತು ನೋಡಿದರು. "ಏ, ಎಷ್ಟ್ ಛಂದ ಬಂದಾಳ!" ಎಂದಳು ಅತ್ತೆ.

ಐದು ನಿಮಿಷದಲ್ಲಿ ಸಣ್ಣವ್ವನ ಮುಖ ಇಳಿಯಿತು. ಕುರ್ಚಿ ಮುಂದೆ ಎಳೆದುಕೊಂಡಳು. ಕನ್ನಡಕ ಒರೆಸಿಕೊಂಡಳು. ಮತ್ತೆ ಮುಂದೆ ಎಳೆದಳು.

"ಮಾರಿ ಕಾಣ್ತದ. ಮಾತ ಕಾಣಂಗಿಲ್ಲ," ಎಂದಳು. "ಕೈ ಎತ್ತತಾಳ, ಬೆರಳು ಹಿಟ್ಟಿನಂಗ ಕಲಸಿ ಹೋಗ್ತಾವ."

ನಾನೂ ಹತ್ತಿರ ಹೋಗಿ ನೋಡಿದೆ. ಹೌದು. ಗೆಳತಿ ಸುಮ್ಮನೆ ಕೂತಾಗ ಚಿತ್ರ ನಿಚ್ಚಳವಾಗಿತ್ತು. ಕೈ ಓಡಿದ ಕೂಡಲೇ ಬೆರಳುಗಳ ಜಾಗದಲ್ಲಿ ಚೌಕ ಚೌಕ ಮಸುಕು. ಮದುವೆಯ ವಿಡಿಯೋದಲ್ಲಿ ಅಕ್ಷತೆ ಎರಚುವ ಕೈ ಹೀಗೆ ಮಸುಕಾದರೆ ಯಾರೂ ಕೇಳುವುದಿಲ್ಲ. ಇಲ್ಲಿ ಮಸುಕಾಗಿದ್ದು ಮಾತೇ. ಇಷ್ಟು ವರ್ಷ ಚಿತ್ರದಲ್ಲಿ ಮುಖವನ್ನೇ ಉಳಿಸುತ್ತಾ ಬಂದಿದ್ದ ನನಗೆ, ಈ ಮನೆಯಲ್ಲಿ ಬೆಳೆದವಳಿಗೆ, ಅದು ಹೊಳೆದಿರಲಿಲ್ಲ. ಬಸ್ಸಿನಲ್ಲಿ ಮರಳುವಾಗ ನನಗೆ ತುಂಬಾ ನಾಚಿಕೆಯಾಯಿತು. ಯಂತ್ರದ ಕೆಳಗೆ ಕೂತು ಬೆರಳಲ್ಲಿ ಮಾತಾಡುತ್ತಿದ್ದ ಆ ಹುಡುಗಿ ಎಲ್ಲಿ ಹೋದಳು ಅನ್ನಿಸಿತು.

ಚಾಚಾ ಎಲ್ಲ ಕೇಳಿಸಿಕೊಂಡು ಈ ಸಲ ನಗಲಿಲ್ಲ.

"ತುಂಡು ಮಾಡಬೇಕಿತ್ತು ಬೇಟಿ. ಒಂದ್ ಫೈಲ್ ಬದಲಿ ನಾಕು ಫೈಲ್ ಮಾಡಿದ್ರ ಬಿಟ್ ರೇಟ್ ಯಾಕ ಕಡಿಮಿ ಮಾಡ್ತಿದ್ದಿ? ಮತ್ತ ಇಪ್ಪತ್ತೈದು ಫ್ರೇಮ್ ಯಾಕ? ಮೊಬೈಲು ಅರವತ್ತು ಕೊಟ್ಟದ, ನೀ ಅರ್ಧಕ್ಕಿಂತ ಹೆಚ್ಚು ಒಗದೀದಿ."

"ಫುಲ್ ಎಚ್‌ಡಿ ಅರವತ್ತು ಫ್ರೇಮ್ ಆ ಟಿವಿ ತಡೀತದೇನ್ ಚಾಚಾ?"

"ಖರೆ ಅಂದ್ರ ಅನುಮಾನ. ಆ ಕಾಲದ ಟಿವಿಗಳು ಫುಲ್ ಎಚ್‌ಡಿ ಇದ್ರ ಮೂವತ್ತು ಫ್ರೇಮಿಗಿ ಸುಸ್ತಾಗ್ತಾವ. ಚಿತ್ರ ಸಣ್ಣದು ಮಾಡು, 720 ಇಡು. ಆಗ ಅರವತ್ತು ತಡೀಬಹುದು. ಇಲ್ಲಿ ಕುಂತು ನಾ ಏನ್ ಹೇಳ್ಲಿ? ಲ್ಯಾಪ್‌ಟಾಪ್ ತಗೊಂಡು ಹೋಗು. ಒಂದೊಂದು ನಿಮಿಷದ್ದು ಮೂರು ನಮೂನಿ ಮಾಡಿ ತೋರ್ಸು. ಯಾವುದು ಆಕಿಗಿ ತಿಳೀತದ, ಅದೇ ಸರಿ."

ಸ್ಟುಡಿಯೋದ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಮೂರನೆಯ ಭಾನುವಾರ ಹೋದೆ. ಲ್ಯಾಪ್‌ಟಾಪಿನಿಂದ ಟಿವಿಗೆ ವೈರು ಹಾಕಿಯೇ ತೋರಿಸಿಬಿಡಬಹುದಿತ್ತು. ಸಣ್ಣವ್ವ ಒಪ್ಪಲಿಲ್ಲ. "ನೀ ಹೋದ ಮ್ಯಾಲೆ?" ಎಂದಳು. ನಾನು ವೈರನ್ನು ಚೀಲದಲ್ಲೇ ಬಿಟ್ಟೆ.

ಗೆಳತಿ ಅತಿ ಬೇಗ ಮಾತಾಡುವ ಒಂದು ನಿಮಿಷವನ್ನು ಆರಿಸಿದ್ದೆ. ಮೊದಲನೆಯ ನಮೂನೆ ಫುಲ್ ಎಚ್‌ಡಿ, ಅರವತ್ತು ಫ್ರೇಮ್. ಟಿವಿ ಎರಡು ಸೆಕೆಂಡು ಓಡಿಸಿ, ತಡವರಿಸಿ, ನಿಂತುಬಿಟ್ಟಿತು. ಎರಡನೆಯದು ಫುಲ್ ಎಚ್‌ಡಿ, ಮೂವತ್ತು ಫ್ರೇಮ್, ಬಿಟ್ ರೇಟ್ ಹನ್ನೆರಡು. ಇದು ಓಡಿತು. ಸೀರೆಯ ಅಂಚಿನ ದಾರ ಕೂಡ ಕಾಣುವಷ್ಟು ಚೊಕ್ಕ. ನಾನು ಇದೇ ಸರಿಯೆಂದು ಮನಸ್ಸಿನಲ್ಲಿ ಅಂದುಕೊಂಡೆ. ಸಣ್ಣವ್ವ ಅಂಗೈ ಅತ್ತಿತ್ತ ಆಡಿಸಿದಳು: ಪರವಾಗಿಲ್ಲ, ಆದರೆ ಅಷ್ಟಕ್ಕಷ್ಟೆ. ಬೆರಳು ಇಲ್ಲಿಂದ ಅಲ್ಲಿಗೆ ಜಿಗಿಯುತ್ತದೆ, ನಡುವಿನ ದಾರಿ ತೋರಿಸುವುದಿಲ್ಲ ಎಂದಳು.

ಮೂರನೆಯದು 720, ಅರವತ್ತು ಫ್ರೇಮ್, ಬಿಟ್ ರೇಟ್ ಹತ್ತು. ನನ್ನ ಕಣ್ಣಿಗೆ ಚಿತ್ರ ತುಸು ಮೆತ್ತಗಾದಂತೆ ಕಂಡಿತು. ಸೀರೆಯ ದಾರ ಹೋಗಿತ್ತು. ಗೋಡೆಯ ಕ್ಯಾಲೆಂಡರಿನ ಅಂಕಿ ಹೋಗಿತ್ತು. ನಾನು ಟಿವಿ ನೋಡುವುದು ಬಿಟ್ಟು ಸಣ್ಣವ್ವನನ್ನು ನೋಡಿದೆ. ಅವಳ ಕೈ ತೊಡೆಯ ಮೇಲಿನಿಂದ ತಾನಾಗಿ ಎದ್ದಿತು. ಪರದೆಯ ಗೆಳತಿಗೆ ಏನೋ ಉತ್ತರ ಹೇಳಿತು. ಆಮೇಲೆ ಆಕೆ ಬಾಯ್ಬಿಟ್ಟು, ದನಿಯೊಡೆದು ನಕ್ಕಳು. ಆ ನಗು ನಾನು ಕೇಳಿ ಎಷ್ಟು ವರ್ಷವಾಗಿತ್ತೋ.

"ಇದು," ಎಂದಳು. "ಇದರಾಗ ಮಾತಾಡ್ತಾಳ."

ಅಲ್ಲೇ ಕೂತು ಪೂರ್ತಿ ವಿಡಿಯೋವನ್ನು ಹೊಸ ಸೆಟ್ಟಿಂಗಿನಲ್ಲಿ ನಾಲ್ಕು ತುಂಡು ಮಾಡಿ ಹೊರತೆಗೆಯಲು ಇಟ್ಟೆ. ಕನ್ನಡದಲ್ಲಿ ಹೆಸರು ಕೊಟ್ಟರೆ ಆ ಟಿವಿಯಲ್ಲಿ ಬರೀ ಡಬ್ಬಿಗಳು ಕಾಣುತ್ತವೆ, ಅದಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಇಂಗ್ಲಿಷಿನ ಅಂಕಿ ಇಟ್ಟೆ. ಲ್ಯಾಪ್‌ಟಾಪ್ ಬಿಸಿಯಾಗಿ ಗುರುಗುಟ್ಟುತ್ತಿತ್ತು. ಅಷ್ಟರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಊಟವಾಯಿತು, ಮಾವ ಹಿತ್ತಿಲಿನಿಂದ ಕೆಂಪು ಬಾಳೆಹಣ್ಣು ಮುರಿದು ತಂದ. ಪೆನ್ ಡ್ರೈವ್ ಸಿಕ್ಕಿಸುವುದು, ಅಂಕಿ ಆರಿಸುವುದು, ಹಿಂದೆ ಓಡಿಸುವುದು, ಎಲ್ಲವನ್ನೂ ಸಣ್ಣವ್ವನಿಗೆ ಕಲಿಸಿದೆ. ರಿಮೋಟಿನ ಆ ಗುಂಡಿಗಳ ಮೇಲೆ ಆಕೆ ಕೆಂಪು ಬಟ್ಟೆಯ ಚೂರು ಅಂಟಿಸಿಕೊಂಡಳು.

ಮೂರನೆಯ ತುಂಡು ನೋಡುವಾಗ ಆಕೆ ಹಿಂದೆ ಓಡಿಸಿದಳು. ಮತ್ತೊಮ್ಮೆ ಓಡಿಸಿದಳು. ಗೆಳತಿ ಒಂದು ಮಾತು ಮುಗಿಸಿ, ಇನ್ನೊಂದಕ್ಕೆ ಮೊದಲು ಸ್ವಲ್ಪ ಸುಮ್ಮನೆ ಕೂಡುವ ಜಾಗ ಅದು. ನಾನು ಎಡಿಟ್ ಮಾಡುವಾಗ ಅಂಥ ಜಾಗಗಳನ್ನು ಎಷ್ಟೋ ಕಡೆ ಕತ್ತರಿಸಿದ್ದೆ. ಇದೊಂದು ಉಳಿದಿತ್ತು.

"ಎಡಗೈ ನೋಡು," ಎಂದಳು ಸಣ್ಣವ್ವ.

ಮಡಿಲಲ್ಲಿಟ್ಟ ಎಡಗೈ. ಹೆಬ್ಬೆರಳು, ತೋರುಬೆರಳು ಸಣ್ಣಗೆ, ಬಿಡದೆ, ಏನನ್ನೋ ಹೊಸೆಯುವಂತೆ ನಡುಗುತ್ತಿದ್ದವು. ಹೋದ ವಾರದ ಮಸುಕಿನಲ್ಲಿ ಅದು ಕಂಡಿರಲಿಲ್ಲ. ಸ್ಟುಡಿಯೋದಲ್ಲಿ ಸಣ್ಣ ಕಿಟಕಿಯಲ್ಲಿ ನೋಡುತ್ತಾ, ಮಾತಾಡುವ ಬಲಗೈಯ ಹಿಂದೆಯೇ ಓಡುತ್ತಿದ್ದ ನನಗೂ ಕಂಡಿರಲಿಲ್ಲ.

"ಮೊಬೈಲು ಅಳ್ಳಾಡಿರಬೇಕು," ಎಂದೆ.

"ಹಿಂದಿನ ಗ್ವಾಡಿ ಅಳ್ಳಾಡಾಕತ್ತಿಲ್ಲ," ಎಂದಳು.

ನಾನು ಅಂಗಳಕ್ಕೆ ಬಂದು ಸೊಲ್ಲಾಪುರಕ್ಕೆ ಫೋನು ಮಾಡಿದೆ. ಮೊಮ್ಮಗಳನ್ನು ಅಜ್ಜಿಯ ಎಡಗೈಯ ಬಗ್ಗೆ ಕೇಳಿದೆ.

"ಹೌದು ರೀ ಅಕ್ಕಾ. ಕೈ ನಡುಗೋ ಬ್ಯಾನಿ ಹತ್ತಿ ವರ್ಷದ ಮ್ಯಾಲಾತು. ಗುಳಿಗಿ ನಡದಾವ. ದಿನಾ ದಿನಾ ಹೆಚ್ಚಾಗ್ತದ ಅಂದಾರ ಡಾಕ್ಟರು. ನಿಮ್ಮ ಸಣ್ಣವ್ವಗ ಹೇಳಬ್ಯಾಡ ಅಂತ ಅಜ್ಜಿ ಆಣಿ ಹಾಕಿಸ್ಕೊಂಡಾಳ. ಶೂಟ್ ಮಾಡುವಾಗೂ ಎಡಗೈ ಸೆರಗಿನಾಗ ಮುಚ್ಕೋತಿದ್ಲು. ಒಮ್ಮೊಮ್ಮೆ ಮರೀತಿದ್ಲು."

ಒಳಗೆ ಬಂದು ಹೇಳಿದೆ. ಸಣ್ಣವ್ವ ಟಿವಿ ಆರಿಸಿದಳು. ಮಾತಾಡುವ ಹೆಂಗಸಿಗೆ ದಿನಾ ಸ್ವಲ್ಪ ಸ್ವಲ್ಪ ದನಿ ಹೋಗುತ್ತದೆ ಎಂದರೆ ಹೇಗೋ, ಇದು ಹಾಗೆ. ಒಬ್ಬಳ ಕಣ್ಣು ಇಳಿದಿದೆ, ಇನ್ನೊಬ್ಬಳ ಕೈ ಇಳಿಯುತ್ತಿದೆ.

"ರೈಲು ಯಾವಾಗ ಅದ?" ಎಂದು ಮಾತ್ರ ಕೇಳಿದಳು. ಹತ್ತು ವರ್ಷದಿಂದ ಮೊಣಕಾಲು ನೋವೆಂದು ಊರು ಬಿಟ್ಟು ಕದಲದವಳು.

ಎರಡು ವಾರದ ನಂತರ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಆಟೋ ಇಳಿದು, ಮೆಟ್ಟಿಲಿಗೊಮ್ಮೆ ನಿಲ್ಲುತ್ತಾ, ಇಬ್ಬರೂ ಬೆಳಗಿನ ರೈಲು ಹತ್ತಿದೆವು. ಸೊಲ್ಲಾಪುರದ ಆ ಮನೆಯ ಬಾಗಿಲಲ್ಲಿ ನಿಂತಿದ್ದವಳು ಗೆಳತಿಯೇ. ನೋಡಿದ ಕೂಡಲೇ ಆಕೆ ಬಲಗೈ ಎತ್ತಿ ಏನೋ ಹೇಳಿದಳು, ಎಡಗೈ ಸೆರಗಿನೊಳಗೆ ಹೋಯಿತು. ಸಣ್ಣವ್ವ ಚಪ್ಪಲಿ ಕೂಡ ಬಿಡದೆ ಒಳಗೆ ಹೋಗಿ ಸೆರಗು ಸರಿಸಿ ಆ ಕೈಯನ್ನು ಹೊರಗೆ ತೆಗೆದಳು. ತನ್ನ ಎರಡೂ ಅಂಗೈಯ ನಡುವೆ ಹಿಡಿದುಕೊಂಡಳು. ಗೆಳತಿ ತನ್ನ ಬಲಗೈಯನ್ನು ತಂದು ಅದರ ಮೇಲಿಟ್ಟಳು.

ಕೈಯಲ್ಲಿ ಮಾತಾಡುವವರು ಕೈ ಹಿಡಿದುಕೊಂಡರೆ ಮಾತು ನಿಲ್ಲುತ್ತದೆ. ಹತ್ತು ವರ್ಷದ ಮೇಲೆ ಭೇಟಿಯಾದ ಅವರಿಬ್ಬರು ಮೊದಲಿನ ಅಷ್ಟೂ ಹೊತ್ತು ಒಂದೇ ಒಂದು ಮಾತಾಡದೆ ಕೂತಿದ್ದರು. ಮೊಮ್ಮಗಳು ಚಹಾ ತಂದಳು. ಚಹಾ ತಣ್ಣಗಾಯಿತು. ಯಾರೂ ಕೈ ಬಿಡಲಿಲ್ಲ.

ಆಮೇಲೆ ಮಾತು ಬಂತು. ಎರಡು ದಿನ ನಿಲ್ಲಲೇ ಇಲ್ಲ. ನಾನು ಮೂಲೆಯಲ್ಲಿ ಕೂತು ನೋಡಿದೆ, ತಿಳಿಯದ್ದನ್ನು ಕೇಳಿ ಕಲಿತೆ. ಮೊಬೈಲು ತೆಗೆಯಬೇಕು ಅನ್ನಿಸಲಿಲ್ಲ.

ಮರಳಿ ಬರುವಾಗ ರೈಲಿನಲ್ಲಿ ಸಣ್ಣವ್ವ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ತೊಗರಿಯ ಹೊಲಗಳು ಓಡುತ್ತಿದ್ದವು. ನೀರು ಬೇಕೇ ಎಂದು ಕೇಳಿದೆ, ಹಸಿವಾಯಿತೇ ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದಳೇ ಹೊರತು ಕೈ ಬಿಚ್ಚಲಿಲ್ಲ. ಎರಡೂ ಮುಷ್ಟಿಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡೇ ಕಲಬುರಗಿಯವರೆಗೆ ಬಂದಳು.

ಮೊಮ್ಮಗಳು ಈಗಲೂ ತಿಂಗಳಿಗೊಮ್ಮೆ ಏನಾದರೂ ಕಳಿಸುತ್ತಾಳೆ. ಹೋದ ಸಲದ್ದು ಹನ್ನೊಂದು ನಿಮಿಷ ಇತ್ತು, ಈ ಸಲದ್ದು ನಾಲ್ಕು. ನಾನು ಏನನ್ನೂ ಕತ್ತರಿಸುವುದಿಲ್ಲ. ಸುಮ್ಮನೆ ಕೂತದ್ದನ್ನೂ ಬಿಡುತ್ತೇನೆ. ಎಚ್.264, 720, ಅರವತ್ತು ಫ್ರೇಮ್. ಚಾಚಾ ಪಕ್ಕದ ಕುರ್ಚಿಯಿಂದ ಬಗ್ಗಿ ನೋಡಿ, "ಆಕೀನೇ ಏನು?" ಎಂದು ಕೇಳುತ್ತಾನೆ. ಹೌದನ್ನುತ್ತೇನೆ. ಭಾನುವಾರ ಬಂದರೆ ಕಮಲಾಪುರದ ಬಸ್ಸು ಹತ್ತುತ್ತೇನೆ.